ತೊಗರಿಯ ದುಡ್ಡು, ಬಂಗಾರ ಮತ್ತು ಬಿಟ್‌ಕಾಯಿನ್: ಮೂರು ತಾಲ್ಲೂಕಿನ ಮನೆಗಳಿಗೆ ಒಂದು ಬಹಿರಂಗ ಪತ್ರ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೊಗರಿ ಬೆಳೆಗಾರರಿಗೆ, ಅವರ ಮನೆಯ ಹೆಣ್ಣುಮಕ್ಕಳಿಗೆ, ಮುಖ್ಯವಾಗಿ ಲೆಕ್ಕ ನೋಡಿಕೊಳ್ಳುವ ಹರೆಯದವರಿಗೆ,



ರಾಶಿ ಮುಗಿದು, ಮಾಲು ಕಲಬುರಗಿ ಗಂಜಿಗೆ ಹೋಗಿ, ಅಡತಿ ಅಂಗಡಿಯ ಪಟ್ಟಿ ಕೈಗೆ ಬಂದ ಮೇಲೆ ನಿಮ್ಮ ಮನೆಗಳಲ್ಲಿ ಒಂದು ವಾದ ಏಳುತ್ತದೆ. ಬೀಜ, ಗೊಬ್ಬರ, ಎಣ್ಣೆಯ ಬಾಕಿ ತೀರಿಸಿ ಉಳಿದದ್ದನ್ನು ಎಲ್ಲಿಡಬೇಕು ಎಂಬುದು ಆ ವಾದ. ಹಿರಿಯರು ಸರಾಫ್ ಬಜಾರಿನ ಕಡೆ ಕೈ ತೋರಿಸುತ್ತಾರೆ. ಹರೆಯದವರು ಮೊಬೈಲ್ ತೆರೆದು, ಹತ್ತು ವರ್ಷದ ಹಿಂದೆ ಬಿಟ್‌ಕಾಯಿನ್ ಎಷ್ಟಿತ್ತು, ಈಗ ಎಷ್ಟಾಗಿದೆ ನೋಡಿ ಎನ್ನುತ್ತಾರೆ. ಎರಡೂ ಕಡೆಯವರು ಹೇಳುವುದರಲ್ಲಿ ನಿಜವಿದೆ. ಆದರೆ ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ ಎಂಬುದು ನನ್ನ ಅನಿಸಿಕೆ. ಅದಕ್ಕಾಗಿ ಈ ಪತ್ರ.

ಸಂಬಳದ ಮನೆಗೆ ತಿಂಗಳಿಗೊಮ್ಮೆ ದುಡ್ಡು ಬರುತ್ತದೆ. ನಿಮಗೆ ಬರುವುದು ವರ್ಷಕ್ಕೊಮ್ಮೆ, ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ. ಖರ್ಚು ಮಾತ್ರ ತನ್ನದೇ ದಿನ ನೋಡಿಕೊಂಡು ಬರುತ್ತದೆ. ಜೂನ್‌ನಲ್ಲಿ ಬಿತ್ತನೆ, ನಡುವೆ ಯಾರದೋ ಆಪರೇಷನ್, ಮಗಳ ಮದುವೆ, ಭೀಮೆ ಉಕ್ಕಿ ಹೊಲದಲ್ಲಿ ನೀರು ನಿಂತ ವರ್ಷ ಊಟದ ಜೋಳ, ಹೀಗೆ. ದುಡ್ಡನ್ನು ಯಾವುದಾದರೂ ಒಂದು ವಸ್ತುವಿನಲ್ಲಿ ಕಾಪಿಡುವುದು ಎಂದರೆ, ಇಂಥ ದಿನ ಅದನ್ನು ಬಿಚ್ಚಿದಾಗ ಇಟ್ಟ ದಿನದಷ್ಟೇ ಕೆಲಸ ಅದರಿಂದ ಆಗಬೇಕು. ಆದ್ದರಿಂದ ಆ ವಸ್ತು ಎಷ್ಟು ಎತ್ತರ ಏರಬಲ್ಲದು ಎಂಬುದಕ್ಕಿಂತ, ನೀವು ಆರಿಸದ ಒಂದು ದಿನ ಅದು ಎಷ್ಟು ಕೆಳಗೆ ಬಿದ್ದಿರಬಹುದು ಎಂಬುದನ್ನು ಮೊದಲು ನೋಡಬೇಕು. ನನ್ನ ವಾದವೆಲ್ಲ ಈ ಒಂದು ಅಳತೆಯ ಮೇಲೆ ನಿಂತಿದೆ.

ನಿಮಗೆಲ್ಲ ನೆನಪಿರುವ ಒಂದು ವರ್ಷವನ್ನೇ ತೆಗೆದುಕೊಳ್ಳೋಣ. 2022ರ ಜನವರಿಯಲ್ಲಿ ಒಂದು ಮನೆ ತೊಗರಿ ಮಾರಿ ಒಂದು ಲಕ್ಷ ರೂಪಾಯಿ ಉಳಿಸಿತು ಎನ್ನಿ. ಆಗ ಒಂದು ಬಿಟ್‌ಕಾಯಿನ್ ಬೆಲೆ ಸುಮಾರು 34 ಲಕ್ಷ ರೂಪಾಯಿ, ಹತ್ತು ಗ್ರಾಂ ಅಪರಂಜಿ ಸುಮಾರು 48 ಸಾವಿರ. ಆ ಲಕ್ಷವನ್ನು ಬಿಟ್‌ಕಾಯಿನ್‌ಗೆ ಹಾಕಿದ್ದರೆ ಜೂನ್ ಕೊನೆಗೆ, ಅಂದರೆ ಬಿತ್ತನೆಯ ಹೊತ್ತಿಗೆ, ಉಳಿಯುತ್ತಿದ್ದದ್ದು ಸುಮಾರು 45 ಸಾವಿರ. ಇನ್ನೂ ತಡೆಯೋಣ, ಮುಂದಿನ ರಾಶಿಯಾದ ಮೇಲೆ ನೋಡೋಣ ಎಂದು ಆ ಮನೆ ಕಾದಿತು ಎನ್ನಿ. ಮುಂದಿನ ರಾಶಿಯ ಕಥೆ ನಿಮಗೆ ಗೊತ್ತು. 2022-23ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದು, ಕಾಯಿ ಕಟ್ಟಿದ ಗಿಡಗಳು ನಿಂತಲ್ಲೇ ಒಣಗಿದವು. ಕೂಡಿಟ್ಟ ದುಡ್ಡು ಒದಗಬೇಕಾದದ್ದು ಅಂಥ ವರ್ಷವೇ. ಆದರೆ ಅದೇ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ದೊಡ್ಡ ವಿನಿಮಯ ಸಂಸ್ಥೆ ಮುಳುಗಿ, ಡಿಸೆಂಬರ್ ಕೊನೆಗೆ ಬಿಟ್‌ಕಾಯಿನ್ 14 ಲಕ್ಷದ ಒಳಗೆ ಇಳಿದಿತ್ತು. ಒಂದು ಲಕ್ಷ ಇಟ್ಟವರ ಕೈಗೆ 40 ಸಾವಿರ. ಬಹಾಮಾಸ್ ದ್ವೀಪದಲ್ಲಿ ಕೂತ ಒಂದು ಕಂಪನಿಗೂ ಜೇವರ್ಗಿಯ ನೆಟೆ ರೋಗಕ್ಕೂ ಏನೇನೂ ಸಂಬಂಧವಿಲ್ಲ. ಸಂಬಂಧವಿಲ್ಲದ ಎರಡು ಕೆಡುಕು ಒಂದೇ ತಿಂಗಳು ಬರುವುದನ್ನು ತಡೆಯುವವರೂ ಇಲ್ಲ.

ಅದೇ ವರ್ಷ ಬಂಗಾರ ಏನು ಮಾಡಿತು? ಡಿಸೆಂಬರ್ ಕೊನೆಗೆ ಹತ್ತು ಗ್ರಾಂ 54-55 ಸಾವಿರದ ಸುತ್ತ ಇತ್ತು. ಇಲ್ಲಿ ಹಿರಿಯರು ಬೀಗುವ ಮೊದಲು ಒಂದು ಮಾತು ಕೇಳಬೇಕು. ಲಕ್ಷ ರೂಪಾಯಿ ಕೊಟ್ಟು ಸರ ಮಾಡಿಸಿದರೆ ಅದರಲ್ಲಿ ಮಜೂರಿ ನೂರಕ್ಕೆ ಹನ್ನೆರಡು, ಜಿಎಸ್‌ಟಿ ನೂರಕ್ಕೆ ಮೂರು ಎಂದು ಹಿಡಿದರೂ, ಮನೆಗೆ ಬಂದ ಬಂಗಾರ 87 ಸಾವಿರದ್ದು. ವರ್ಷದ ಕೊನೆಗೆ ಅದು ಹೆಚ್ಚುಕಡಿಮೆ ಒಂದು ಲಕ್ಷಕ್ಕೆ ಬಂದು ನಿಂತಿತು, ಅಷ್ಟೇ. ಅಂದರೆ ಬಂಗಾರ ಆ ವರ್ಷ ನಿಮ್ಮನ್ನು ಶ್ರೀಮಂತ ಮಾಡಲಿಲ್ಲ. ಇಟ್ಟದ್ದನ್ನು ಇಟ್ಟ ಹಾಗೆ ತಿರುಗಿ ಕೊಟ್ಟಿತು. ನಾವು ಕೇಳಿದ್ದೂ ಅಷ್ಟನ್ನೇ.

ಹರೆಯದವರ ಆಕ್ಷೇಪ ನನಗೆ ಕೇಳಿಸುತ್ತಿದೆ. ಬೇಕಾದ ವರ್ಷ ಆರಿಸಿಕೊಂಡು ಲೆಕ್ಕ ಹೇಳಿದರೆ ಯಾವುದನ್ನೂ ಸಾಧಿಸಬಹುದು ಎನ್ನುತ್ತೀರಿ. ಒಪ್ಪಿದೆ. 2022ರ ಜನವರಿಯ ಆ ಲಕ್ಷವನ್ನು ಮುಟ್ಟದೆ 2025ರ ಜನವರಿಯವರೆಗೆ ಬಿಟ್ಟಿದ್ದರೆ ಬಿಟ್‌ಕಾಯಿನ್‌ನಲ್ಲಿ ಎರಡೂಕಾಲು ಲಕ್ಷ ದಾಟುತ್ತಿತ್ತು, ಬಂಗಾರದಲ್ಲಿ ಒಂದು ಲಕ್ಷ ಅರವತ್ತು ಸಾವಿರದ ಆಸುಪಾಸು, ಅದೂ ಮಜೂರಿ ಬಿಟ್ಟು. ಗೆದ್ದದ್ದು ಬಿಟ್‌ಕಾಯಿನ್ನೇ. ಆದರೆ ಈ ಗೆಲುವು ಮೂರು ವರ್ಷ ಕೈ ಕಟ್ಟಿ ಕೂರಬಲ್ಲವರಿಗೆ ಸಿಕ್ಕದ್ದು. 2021ರ ನವೆಂಬರ್‌ನಲ್ಲಿ 69 ಸಾವಿರ ಡಾಲರ್ ಮುಟ್ಟಿದ ಬೆಲೆ ಮತ್ತೆ ಅಲ್ಲಿಗೆ ಬಂದದ್ದು 2024ರ ಮಾರ್ಚ್‌ನಲ್ಲಿ. ಆ ನಡುವೆ ಎರಡು ಬಿತ್ತನೆ, ಮೂರು ರಾಶಿ ಬಂದು ಹೋದವು. ಬಿದ್ದಾಗಲೆಲ್ಲ ಅದು ಇದುವರೆಗೆ ಎದ್ದಿದೆ ಎಂಬುದು ದಿಟ. ಹುಟ್ಟಿ ಇನ್ನೂ ಇಪ್ಪತ್ತು ವರ್ಷ ತುಂಬದ ಅದು ಅಷ್ಟರಲ್ಲೇ ನಾಲ್ಕು ಸಲ ತನ್ನ ಬೆಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕಳೆದುಕೊಂಡಿದೆ ಎಂಬುದೂ ಅಷ್ಟೇ ದಿಟ.

ತೆರಿಗೆಯ ಕಡೆಯನ್ನು ಬಹಳ ಜನ ನೋಡುವುದೇ ಇಲ್ಲ. ಬಿಟ್‌ಕಾಯಿನ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. ಬ್ಯಾಂಕುಗಳು ಆ ವ್ಯವಹಾರಕ್ಕೆ ಕೈ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಆದರೆ 2022ರ ಏಪ್ರಿಲ್‌ನಿಂದ ಇದರ ಲಾಭಕ್ಕೆ ನೂರಕ್ಕೆ ಮೂವತ್ತರಂತೆ ತೆರಿಗೆ, ಮೇಲೆ ಸೆಸ್. ನಷ್ಟವಾದರೆ ಅದನ್ನು ಬೇರೆ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ನಮ್ಮ ಲೆಕ್ಕದ ಮನೆಗೇ ಇದನ್ನು ಹಚ್ಚಿ ನೋಡಿ. 2022ರ ಕೊನೆಗೆ ಮಾರಿ 60 ಸಾವಿರ ಕಳೆದುಕೊಂಡ ಆ ಮನೆ, ಛಲ ಹಿಡಿದು 2023ರ ಆರಂಭದಲ್ಲಿ ಮತ್ತೊಂದು ಲಕ್ಷ ಹಾಕಿ ಜೂನ್ ಕೊನೆಗೆ ಮಾರಿತು ಎನ್ನಿ. ಆ ಆರು ತಿಂಗಳಲ್ಲಿ ಬೆಲೆ ಚೆನ್ನಾಗಿ ಏರಿ ಲಾಭ ಸುಮಾರು 80 ಸಾವಿರ ಬಂತು. ಎರಡೂ ಕೂಡಿಸಿದರೆ ಮನೆಗೆ 20 ಸಾವಿರ ಉಳಿಯಬೇಕು. ಕಾಯ್ದೆಯ ದರದಂತೆ 80 ಸಾವಿರಕ್ಕೆ ಸೆಸ್ ಸೇರಿ ಬರುವ ತೆರಿಗೆ 24,960 ರೂಪಾಯಿ. ಏರುವ ದಿನವನ್ನು ಸರಿಯಾಗಿ ಊಹಿಸಿಯೂ ಐದು ಸಾವಿರ ಕೈಯಿಂದ ಹೋಯಿತು. ಬೆಲೆ ಹೆಚ್ಚು ಕುಣಿಯುವ ವಸ್ತುವಿಗೆ ಇಂಥ ತೆರಿಗೆ ಬಿದ್ದಾಗ ಆ ಕುಣಿತವೇ ಒಂದು ಖರ್ಚಾಗುತ್ತದೆ. ಇದು ಸರಿಯಾದ ತೆರಿಗೆಯೇ ಎಂದು ನೀವು ಕೇಳಿದರೆ, ಅಲ್ಲ ಎಂದೇ ನಾನು ಹೇಳುತ್ತೇನೆ. ಆದರೆ ಇರುವ ಕಾಯ್ದೆಯ ಮೇಲೆ ಲೆಕ್ಕ ಹಾಕಬೇಕಲ್ಲದೆ ಬರಬೇಕಾದ ಕಾಯ್ದೆಯ ಮೇಲಲ್ಲ.

ಇನ್ನು ಮಿತಿಯ ಮಾತು. ಬಿಟ್‌ಕಾಯಿನ್‌ನ ಪರವಾಗಿ ಹೇಳಬಹುದಾದ ಅತಿ ಗಟ್ಟಿ ಮಾತು ಇದೇ, ಅದನ್ನು ಅರ್ಧಂಬರ್ಧ ಹೇಳುವುದು ನ್ಯಾಯವಲ್ಲ. ಒಟ್ಟು 2.1 ಕೋಟಿ ನಾಣ್ಯಕ್ಕಿಂತ ಒಂದೂ ಹೆಚ್ಚು ಹುಟ್ಟುವುದಿಲ್ಲ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಕಂತು ಹೊಸ ನಾಣ್ಯ ಬಿಡುಗಡೆಯಾಗುತ್ತದೆ, ಆ ಕಂತು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ ಬರುತ್ತದೆ. 2009ರಲ್ಲಿ ಕಂತಿಗೆ 50 ಇದ್ದದ್ದು 2024ರ ಏಪ್ರಿಲ್‌ನಿಂದ 3.125. ಬೆಲೆ ಏರಿತೆಂದು ಹೆಚ್ಚು ಜನ ಹೆಚ್ಚು ಯಂತ್ರ ತಂದು ಹೂಡಿದರೂ ನಾಣ್ಯ ಹೆಚ್ಚುವುದಿಲ್ಲ. 2,016 ಕಂತಿಗೊಮ್ಮೆ ಆ ಯಂತ್ರಗಳು ಬಿಡಿಸಬೇಕಾದ ಲೆಕ್ಕದ ಕಷ್ಟವೇ ಹೆಚ್ಚಾಗಿ ವೇಗ ಮತ್ತೆ ಹತ್ತು ನಿಮಿಷಕ್ಕೇ ಬಂದು ನಿಲ್ಲುತ್ತದೆ. ಬಂಗಾರಕ್ಕೆ ಇಂಥ ಬರೆದಿಟ್ಟ ಮಿತಿ ಇಲ್ಲ, ಅಗೆಯುವ ಖರ್ಚೇ ಅದರ ಮಿತಿ. ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುವುದು ಕೆಲವೇ ಗ್ರಾಂ. ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದು, ತೆಗೆಯುವ ಖರ್ಚು ತೆಗೆದ ಬಂಗಾರವನ್ನು ಮೀರಿದ್ದರಿಂದ 2001ರಲ್ಲಿ ಮುಚ್ಚಿತು. ಬೆಲೆ ಬಹಳ ಏರಿದರೆ ಮುಚ್ಚಿದ ಗಣಿಗೂ ಮತ್ತೆ ಆಸೆ ಹುಟ್ಟುತ್ತದೆ. ಮಿತಿಯ ಕಟ್ಟುನಿಟ್ಟಿನಲ್ಲಿ ಬಿಟ್‌ಕಾಯಿನ್ ಮೇಲು ಎಂಬುದನ್ನು ನಾನು ತಕರಾರಿಲ್ಲದೆ ಒಪ್ಪುತ್ತೇನೆ. ಇಂದು ಇರುವ ಬಂಗಾರಕ್ಕೆ ವರ್ಷಕ್ಕೆ ನೂರಕ್ಕೆ ಒಂದೂಮುಕ್ಕಾಲರ ಹತ್ತಿರ ಹೊಸತು ಸೇರಿದರೆ, ಬಿಟ್‌ಕಾಯಿನ್‌ಗೆ ಸೇರುವುದು ಒಂದಕ್ಕಿಂತಲೂ ಕಡಿಮೆ.

ಆದರೆ ಮಿತಿ ಇದ್ದರೆ ಬೆಲೆ ನಿಲ್ಲುತ್ತದೆಯೇ? ತೊಗರಿ ಬೆಳೆಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2015ರಲ್ಲಿ ಕ್ವಿಂಟಲಿಗೆ ಹತ್ತು ಸಾವಿರ ದಾಟಿದ ತೊಗರಿ, ಮರುವರ್ಷ ಎಲ್ಲರೂ ಬಿತ್ತಿದ್ದರಿಂದ 2017ರ ಆರಂಭದಲ್ಲಿ 5,050ರ ಬೆಂಬಲ ಬೆಲೆಗಿಂತ ಕೆಳಗೆ ಬಂತು. ಅಲ್ಲಿ ಬೆಲೆ ಕೆಡಿಸಿದ್ದು ಆವಕ. ಬಿಟ್‌ಕಾಯಿನ್‌ನಲ್ಲಿ ಆವಕ ಕೆಡಿಸುವುದಿಲ್ಲ ನಿಜ, ಆದರೆ ಆವಕ ಎಳ್ಳಷ್ಟೂ ಅಲ್ಲಾಡದಿದ್ದರೆ ಬೇಡಿಕೆಯ ಪ್ರತಿಯೊಂದು ಅಲೆಯೂ ನೇರ ಬೆಲೆಗೇ ಹೊಡೆಯುತ್ತದೆ. ಬೇಡಿಕೆ ಹೆಚ್ಚಾದರೆ ಬೆಲೆ ಹಾರುತ್ತದೆ, ಕಡಿಮೆಯಾದರೆ ಕುಸಿಯುತ್ತದೆ, ನಡುವೆ ತಡೆಯುವ ಮೆತ್ತೆ ಇಲ್ಲ. ಹಾಗಾದರೆ ನೋಡಬೇಕಾದದ್ದು ಕೊಳ್ಳುವವರು ಯಾರು, ಬೆಲೆ ಬಿದ್ದಾಗ ಮುಂದೆ ಬರುವವರು ಯಾರು ಎಂಬುದನ್ನು. 2013ರ ಏಪ್ರಿಲ್‌ನಲ್ಲಿ ಜಗತ್ತಿನ ಪೇಟೆಯಲ್ಲಿ ಬಂಗಾರ ಎರಡೇ ವಹಿವಾಟಿನ ದಿನಗಳಲ್ಲಿ ಕುಸಿಯಿತು. ಹೂಡಿಕೆದಾರರು ಮಾರಿ ಓಡಿದರು. ನಮ್ಮಲ್ಲಿ ಮಾತ್ರ ಜನ ಅಂಗಡಿಗೆ ಓಡಿದರು. ಆಮದು ಎಷ್ಟು ಏರಿತೆಂದರೆ ಸರ್ಕಾರ ಜೂನ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಮತ್ತೊಮ್ಮೆ ಸುಂಕ ಏರಿಸಬೇಕಾಯಿತು. ಬೆಲೆ ಇಳಿದರೆ ಮದುವೆಯ ಮನೆಗಳು ಕೊಳ್ಳುತ್ತವೆ, ದೇಶಗಳ ರಿಸರ್ವ್ ಬ್ಯಾಂಕುಗಳು ಕೊಳ್ಳುತ್ತವೆ. ಬೆಲೆ ಏರಿದರೆ ಹಳೆಯ ಒಡವೆ ಕರಗಲು ಬಂದು ಏರಿಕೆಯನ್ನು ತುಸು ತಡೆಯುತ್ತದೆ. ಬಿಟ್‌ಕಾಯಿನ್ ಕೊಳ್ಳುವವರಲ್ಲಿ ಬಹುಪಾಲು ಜನ ಕೊಳ್ಳುವುದು ನಾಳೆ ಏರುತ್ತದೆ ಎಂಬ ಒಂದೇ ಕಾರಣಕ್ಕೆ. ಆ ನಂಬಿಕೆ ಸಡಿಲವಾದ ತಿಂಗಳು ಬೇರೆ ಕಾರಣಕ್ಕೆ ಕೊಳ್ಳುವ ಎರಡನೆಯ ಗುಂಪು ಕಾಣುವುದಿಲ್ಲ. ಅದರ ಏರಿಳಿತ ಬಂಗಾರದ ಮೂರ್ನಾಲ್ಕು ಪಟ್ಟು ಇರುವುದಕ್ಕೆ ನನಗೆ ಕಾಣುವ ಮೂಲ ಇದು. ವಯಸ್ಸಾದಂತೆ ಈ ಕುಣಿತ ತಗ್ಗಬಹುದು, ಈಗಾಗಲೇ ಮೊದಲಿಗಿಂತ ತಗ್ಗಿದೆ ಕೂಡ. ಆದರೆ ನಿಮ್ಮ ಬಿತ್ತನೆ ಬರುವ ಜೂನ್‌ಗೇ ಇದೆ.

ಬಂಗಾರದ ಹಳೆಯ ದಾಖಲೆಯನ್ನು ಹುಡುಕಲು ನೀವು ಈಜಿಪ್ಟಿಗೆ ಹೋಗಬೇಕಿಲ್ಲ. ಬಹಮನಿ ಅರಸರು ಕಲಬುರಗಿಯಿಂದ ಆಳುತ್ತಿದ್ದಾಗ ಮೊದಲನೆಯ ಮುಹಮ್ಮದ್ ಶಾಹ್ ತನ್ನ ಬಂಗಾರದ ನಾಣ್ಯ ಹೊಡೆಸಿದ. ಇಲ್ಲಿನ ಸರಾಫರು ಅದನ್ನು ಕರಗಿಸಿ ವಿಜಯನಗರದ ಹೊನ್ನನ್ನೇ ಚಲಾವಣೆಯಲ್ಲಿಟ್ಟರು ಎಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಅರಸನಿಗೆ ಸಿಟ್ಟು ಬಂತು, ಸರಾಫರು ತಲೆ ತೆತ್ತರು. ಮುದ್ರೆ ಹೋಯಿತು, ಲೋಹ ಮಾತ್ರ ಎರಡೂ ರಾಜ್ಯಗಳಲ್ಲಿ ನಡೆಯಿತು. ಅಷ್ಟು ಹಿಂದಕ್ಕೂ ಹೋಗಬೇಡಿ. 1948ರವರೆಗೆ ನಿಮ್ಮ ಮೂರೂ ತಾಲ್ಲೂಕುಗಳು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಇಲ್ಲಿ ಓಡುತ್ತಿದ್ದದ್ದು ಹಾಲಿ ಸಿಕ್ಕಾ ರೂಪಾಯಿ. ಪೊಲೀಸ್ ಕಾರ್ಯಾಚರಣೆಯಾಗಿ ಸಂಸ್ಥಾನ ಹೋಯಿತು, 1959ರ ಹೊತ್ತಿಗೆ ಆ ರೂಪಾಯಿಯೂ ಪೂರ್ತಿ ಹೋಯಿತು. ಒಂದೇ ತಲೆಮಾರಿನ ಅಜ್ಜಿಯರು ಅರಸೊತ್ತಿಗೆ, ರಾಜ್ಯ, ರೂಪಾಯಿ ಮೂರೂ ಬದಲಾದದ್ದನ್ನು ಕಂಡರು. ಅವರ ಕೊರಳ ಬೋರಮಾಳಕ್ಕೆ ಯಾವ ಕಚೇರಿಯ ಮುಂದೆಯೂ ಸಾಲು ನಿಲ್ಲಬೇಕಾಗಲಿಲ್ಲ.

ಹಾಗೆಂದು ಬಂಗಾರಕ್ಕೆ ಕೆಟ್ಟ ಕಾಲ ಬಂದೇ ಇಲ್ಲ ಎಂದರೆ ಅದು ಸುಳ್ಳು. 1980ರ ಜನವರಿಯಲ್ಲಿ ಒಂದು ಔನ್ಸಿಗೆ 850 ಡಾಲರ್ ಇದ್ದದ್ದು 1999ರಲ್ಲಿ 250ರ ಹತ್ತಿರ ಬಂದಿತ್ತು. ರೂಪಾಯಿ ಬೆಲೆ ಬಿದ್ದಿದ್ದರಿಂದ ನಮ್ಮಲ್ಲಿ ಹತ್ತು ಗ್ರಾಂಗೆ 1,300ರ ಸುತ್ತ ಇದ್ದದ್ದು 4,200ರ ಸುತ್ತ ಆಯಿತು, ಆದರೆ ಆ ಇಪ್ಪತ್ತು ವರ್ಷದಲ್ಲಿ ಜೋಳ, ಬಟ್ಟೆಯ ಧಾರಣೆ ಅದಕ್ಕಿಂತ ವೇಗವಾಗಿ ಏರಿತ್ತು. 2012ರ ಕೊನೆಗೆ 31 ಸಾವಿರ ಮುಟ್ಟಿದ ಬೆಲೆ ಆಮೇಲೆ ಆರೇಳು ವರ್ಷ ಅದರ ಕೆಳಗೂ ಆಸುಪಾಸಿನಲ್ಲೂ ಸುತ್ತಾಡಿತು. 2013ರ ಜನವರಿಯಲ್ಲಿ ಕೊಂಡು ಜೂನ್‌ನಲ್ಲಿ ಮಾರಿದವರಿಗೆ ಸುಮಾರು ಆರನೇ ಒಂದು ಪಾಲು ನಷ್ಟ. ಸರ್ಕಾರದ ಕೈಯಿಂದಲೂ ಬಂಗಾರ ಹೊರತಲ್ಲ. 1968ರ ಬಂಗಾರ ನಿಯಂತ್ರಣ ಕಾಯ್ದೆಯಲ್ಲಿ ಗಟ್ಟಿ ಬಂಗಾರ ಇಟ್ಟುಕೊಳ್ಳುವುದೇ ತಪ್ಪಾಗಿತ್ತು, ಅದು ರದ್ದಾದದ್ದು 1990ರಲ್ಲಿ. ಕಳೆದ ಕೆಲವು ವರ್ಷಗಳ ಏರಿಕೆ ನೋಡಿ, 2025ರಲ್ಲಿ ಹತ್ತು ಗ್ರಾಂ ಲಕ್ಷ ದಾಟಿದ್ದನ್ನು ನೋಡಿ, ಇದು ಹೀಗೆಯೇ ಓಡುತ್ತದೆ ಎಂದು ಸಾಲ ಮಾಡಿ ಬಂಗಾರ ಕೊಳ್ಳುವ ಹಿರಿಯರಿಗೂ ಬಿಟ್‌ಕಾಯಿನ್ ಹುಡುಗರಿಗೂ ನನ್ನ ಕಣ್ಣಿಗೆ ವ್ಯತ್ಯಾಸವಿಲ್ಲ.

ಬಂಗಾರವನ್ನು ಕಳ್ಳ ಒಯ್ಯಬಹುದು, ಬಿಟ್‌ಕಾಯಿನ್ ಒಯ್ಯಲಾರ ಎನ್ನುತ್ತೀರಿ. ಸರಿಯಾಗಿ ಇಟ್ಟರೆ ನಿಜ. ಅದರ ಕೀಲಿ ಎಂದರೆ ಹನ್ನೆರಡು ಅಥವಾ ಇಪ್ಪತ್ನಾಲ್ಕು ಪದಗಳ ಒಂದು ಸಾಲು. ಆ ಚೀಟಿ ಕಳೆದರೆ, ಬರೆದಿಟ್ಟವರು ಹೇಳದೆ ತೀರಿಕೊಂಡರೆ, ಯಾವ ಬ್ಯಾಂಕೂ ಯಾವ ಕೋರ್ಟೂ ಅದನ್ನು ತೆರೆಯಲಾರದು. ಈ ತಾಪತ್ರಯ ಬೇಡವೆಂದು ಹೆಚ್ಚಿನವರು ವಿನಿಮಯ ಆ್ಯಪ್‌ನಲ್ಲೇ ಬಿಡುತ್ತಾರೆ. ಆಗ ನಿಮ್ಮ ಬಳಿ ಇರುವುದು ನಾಣ್ಯವಲ್ಲ, ಆ ಕಂಪನಿಯ ಮೇಲಿನ ಬಾಕಿ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರಿಗೂ ಹೆಚ್ಚಿನ ಕ್ರಿಪ್ಟೊ ಕಳುವಾದಾಗ ಅದರ ಗ್ರಾಹಕರು ತಮ್ಮ ಖಾತೆಯ ನಾಣ್ಯ ಮುಟ್ಟಲಾಗದೆ ವರ್ಷಕ್ಕೂ ಮೇಲೆ ಕಾಯಬೇಕಾಯಿತು. ಇನ್ನೊಂದು ಅಂತರ ನಮ್ಮ ಭಾಗಕ್ಕೆ ಅತಿ ಮುಖ್ಯ. ಬಂಗಾರವನ್ನು ಮಾರದೆಯೇ ದುಡ್ಡು ಮಾಡಬಹುದು. ಒಡವೆ ಒತ್ತೆ ಇಟ್ಟರೆ ಬ್ಯಾಂಕು ಅದೇ ದಿನ ಸಾಲ ಕೊಡುತ್ತದೆ. 2025ರ ಜೂನ್‌ನ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಬೆಲೆಯ ನೂರಕ್ಕೆ 85ರವರೆಗೂ ಕೊಡಬಹುದು. ಬೆಲೆ ಇಳಿದ ದಿನವೇ ಮಾರಬೇಕಾದ ಸಂಕಟ ಇದರಿಂದ ತಪ್ಪುತ್ತದೆ, ತೊಗರಿ ಬಂದ ಮೇಲೆ ಬಿಡಿಸಿಕೊಳ್ಳಬಹುದು. 1991ರಲ್ಲಿ ದೇಶ ಮಾಡಿದ್ದೂ ಇದನ್ನೇ. ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಬಂಗಾರ ಹೊರದೇಶಕ್ಕೆ ಕಳಿಸಿ ಒತ್ತೆ ಇಟ್ಟು ಡಾಲರ್ ತಂದಿತು. ಬಿಟ್‌ಕಾಯಿನ್ ತೋರಿಸಿ ನಿಮ್ಮೂರ ಬ್ಯಾಂಕಿನಲ್ಲಿ ಬೀಜಕ್ಕೆ ಸಾಲ ಕೇಳಿದರೆ ಸಿಗುವುದಿಲ್ಲ.

ಈಗ ನನ್ನ ಕೋರಿಕೆಗಳು. ಬರುವ ಜೂನ್‌ಗೆ ಬೇಕಾದ ದುಡ್ಡನ್ನು ಬಂಗಾರಕ್ಕೂ ಹಾಕಬೇಡಿ, ಬಿಟ್‌ಕಾಯಿನ್‌ಗೂ ಹಾಕಬೇಡಿ. ಆರು ತಿಂಗಳಿಗೆ ಮಜೂರಿಯೇ ಅದನ್ನು ತಿನ್ನುತ್ತದೆ, ಬ್ಯಾಂಕಿನ ಠೇವಣಿಯೇ ಸಾಕು. ಅದಾಚೆ ಉಳಿದದ್ದರಲ್ಲಿ ಬಂಗಾರ ಕೊಳ್ಳುವಾಗ ಹರಳಿಲ್ಲದ, ಮಜೂರಿ ಕಡಿಮೆಯ ಸಾದಾ ಪಾಟ್ಲಿಯಂಥದ್ದನ್ನು ಕೊಳ್ಳಿ, ಒತ್ತೆ ಇಡುವಾಗ ಹರಳಿನ ತೂಕಕ್ಕೆ ಬೆಲೆ ಇಲ್ಲ. ಗಟ್ಟಿ ಬಿಸ್ಕತ್ತನ್ನು ಬ್ಯಾಂಕು ಒತ್ತೆ ಹಿಡಿಯುವುದಿಲ್ಲ, ನಾಣ್ಯಕ್ಕೂ 50 ಗ್ರಾಂ ಮಿತಿ ಇದೆ ಎಂಬುದು ತಿಳಿದಿರಲಿ. ಪಕ್ಕಾ ಬಿಲ್ ಕೇಳಿ. ಒಡವೆಯ ಮೇಲಿನ ಆರು ಅಕ್ಷರ, ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆಯನ್ನು ಅಂಗಡಿಯಲ್ಲೇ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಆ್ಯಪ್ ಹೇಳುವ ಒಡವೆಯ ಬಗೆ, ಶುದ್ಧತೆ ಕೈಯಲ್ಲಿರುವುದಕ್ಕೆ ಹೊಂದದಿದ್ದರೆ ಎದ್ದು ಬನ್ನಿ.

ಹರೆಯದವರಿಗೆ ಬಿಟ್‌ಕಾಯಿನ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಬೆಲೆ ಕಾಲು ಭಾಗಕ್ಕೆ ಇಳಿದರೂ ಬಿತ್ತನೆ, ಮದುವೆ, ಮಕ್ಕಳ ಫೀಸು ನಿಲ್ಲದಷ್ಟು ಸಣ್ಣ ಮೊತ್ತವನ್ನು, ನಾಲ್ಕೈದು ವರ್ಷ ಮುಟ್ಟುವುದಿಲ್ಲ ಎಂಬ ಗಟ್ಟಿ ಮನಸ್ಸಿನಿಂದ ಇಡುವುದಾದರೆ ಇಡಿ. ಅದಕ್ಕಾಗಿ ಅವ್ವನ ಒಡವೆ ಒತ್ತೆ ಇಡಬೇಡಿ, ಕೈಗಡ ತರಬೇಡಿ. ಕೀಲಿಯ ಪದಗಳು ಎಲ್ಲಿವೆ ಎಂಬುದನ್ನು ಮನೆಯ ಒಬ್ಬರಿಗೆ ಹೇಳಿ. ಕೊಂಡ, ಮಾರಿದ ಲೆಕ್ಕವನ್ನು ಬರೆದಿಡಿ. ಹಾಗೆಯೇ, ಬಿಟ್‌ಕಾಯಿನ್ ಹೆಸರಿನಲ್ಲಿ ತಿಂಗಳಿಗೆ ನೂರಕ್ಕೆ ಇಷ್ಟು ಕೊಡುತ್ತೇನೆ ಎಂದು ಯಾರಾದರೂ ಬಂದರೆ ಅವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಿಟ್‌ಕಾಯಿನ್ ತಾನಾಗಿ ಬಡ್ಡಿ ಹುಟ್ಟಿಸುವ ವಸ್ತುವಲ್ಲ. ಹದಿನೆಂಟು ತಿಂಗಳು ತಿಂಗಳಿಗೆ ನೂರಕ್ಕೆ ಹತ್ತು ಕೊಡುವುದಾಗಿ ಹೇಳಿದ್ದ ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆಯ ಮುಖ್ಯಸ್ಥನನ್ನು 2018ರಲ್ಲಿ ಪುಣೆ ಪೊಲೀಸರು ಬಂಧಿಸಿದರು. ಆಳಂದದಿಂದ ಗಡಿ ದಾಟಿದರೆ ಮಹಾರಾಷ್ಟ್ರವೇ. ಇಂಥ ಮಾತು ಹೊತ್ತ ಜನ ನಿಮ್ಮೂರಿಗೆ ಬಂದರೆ ಹಣ ಕೊಡುವ ಮೊದಲೇ ಠಾಣೆಗೆ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಈ ಪತ್ರದ ಲೇಖಕ,
ಕಲಬುರಗಿ